ಅಪ್ಪ ಜಾತ್ರೆಗೆ ಹೋಗದಿದ್ದುದಕ್ಕೆ ಕಾರಣ

ಸಿನಿಮಾ ಮುಗಿದು ಲೈಟು ಹತ್ತಿದ ಮೇಲೂ ದೊಡ್ಡಪ್ಪ ಸೀಟು ಬಿಟ್ಟು ಏಳಲಿಲ್ಲ. ಸ್ವಲ್ಪ ಹೊತ್ತು ಖಾಲಿ ಪರದೆ ನೋಡುತ್ತಾ ಕೂತಿದ್ದು, ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣಮ್ಮ, ಮಗ ಬಂದವ್ನೆ ಅಂತ ಗೊತ್ತಾದ ಮೇಲೂ ಆ ಅಪ್ಪ ಯಾಕೆ ಜಾತ್ರೆಗೆ ಹೋಗ್ಲಿಲ್ಲ?" ಅಂತ ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಬರಬೇಕಿದ್ದ 5 ಲಕ್ಷ ಬರಲಿಲ್ಲ, ಅದಕ್ಕೇ ಅವನು ಹೋಗಲಿಲ್ಲ. ಆದರೆ ದೊಡ್ಡಪ್ಪನಿಗೆ ಹಾಗೆ ಹೇಳುವುದು ಹೇಗೆ? ಬಂದ ಹಣದಲ್ಲಿ 4 ಲಕ್ಷ ಅವರ ರಿಟೈರ್‌ಮೆಂಟ್ ದುಡ್ಡು. "ಡೈರೆಕ್ಟ್ರನ್ನೇ ಕೇಳಿ" ಅಂತ ನಕ್ಕು ಜಾರಿಕೊಂಡೆ. ಡೈರೆಕ್ಟ್ರು ಅಂದರೆ ಅವರ ಮಗ, ನನ್ನ ಅಣ್ಣ. ಆಗ ಹಿಂದಿನ ಸಾಲಿನಲ್ಲಿ ಯಾರ ಹತ್ತಿರವೋ ಕೈ ಕುಲುಕಿಸಿಕೊಳ್ಳುತ್ತಿದ್ದ.

ನಾನು ಸಿನಿಮಾದವಳಲ್ಲ. ಬೆಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ. "ಪುಟ್ಟಿ, ಲೆಕ್ಕ ನೋಡ್ಕೋ, ನನಗೆ ಬೇರೆ ಯಾರ ಮೇಲೂ ನಂಬಿಕೆ ಇಲ್ಲ" ಅಂತ ಅಣ್ಣ ಹೇಳಿದ್ದಕ್ಕೆ ಒಪ್ಪಿಕೊಂಡೆ. ಬಿಲ್ಲು ಜೋಡಿಸಿಡುವುದು, ಟ್ರಾನ್ಸ್‌ಫರ್ ಮಾಡುವುದು, ಅಷ್ಟೇ ಅಂದುಕೊಂಡಿದ್ದೆ. ಕಥೆಯ ಅರ್ಧ ಭಾಗ ನನ್ನ ಎಕ್ಸೆಲ್ ಶೀಟಿನಲ್ಲಿ ಬರೆಯಲ್ಪಡುತ್ತದೆ ಅಂತ ಅವತ್ತು ಗೊತ್ತಿರಲಿಲ್ಲ.

ಕಥೆ ಇಷ್ಟು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಒಬ್ಬ ಗುಮಾಸ್ತ. ಮಗ ಊರು ಬಿಟ್ಟು ಹೋಗಿ ಆರು ವರ್ಷ. ಮಗ ಎಲ್ಲಿದ್ದಾನೆ ಅಂತ ಅಪ್ಪನಿಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತು. ಅವಳು ತವರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಿಂದ ಕದ್ದು ಫೋನ್ ಮಾಡುತ್ತಾಳೆ. ಜಾತ್ರೆಯ ದಿನ ಯಾರೋ ಬಂದು "ನಿಮ್ಮ ಹುಡುಗನ್ನ ತೇರಿನ ಹತ್ರ ನೋಡ್ದೆ" ಅಂತಾರೆ. ಅಪ್ಪ ಮಂಡಿಗೆ ಬೀಗ ಹಾಕಿ, ಬೆವರು ಒರೆಸಿಕೊಳ್ಳುತ್ತಾ, ಸಾವಿರ ಜನರ ಮಧ್ಯೆ ನುಗ್ಗುತ್ತಾನೆ. ಅಣ್ಣ ಇದನ್ನು ನಮ್ಮ ಮನೆಯ ಜಗಲಿ ಮೇಲೆ ಕೂತು ಹೇಳಿದಾಗ ದೊಡ್ಡಮ್ಮ ಅತ್ತಿದ್ದರು.

ಈ ಕಥೆಗೆ ನಾವು ಹಾಕಿದ ಅಂದಾಜು 20 ಲಕ್ಷ. ದೊಡ್ಡಪ್ಪ 4 ಲಕ್ಷ. ಅಣ್ಣನ ಉಳಿತಾಯ, ಬೈಕ್ ಮಾರಿದ್ದು ಸೇರಿ ಮೂರೂವರೆ. ಅವನ 14 ಜನ ಗೆಳೆಯರು ತಲಾ 25 ಸಾವಿರದಂತೆ ಇನ್ನೊಂದು ಮೂರೂವರೆ. ನನ್ನದು 1 ಲಕ್ಷ. ಮಿಕ್ಕ 8 ಲಕ್ಷ ಕೊಡುತ್ತೇನೆ ಅಂದವರು ಊರ ಕಡೆಯ ಸೈಟು ವ್ಯಾಪಾರಿಯೊಬ್ಬರು.

ಗೆಳೆಯರಿಂದ ಹಣ ಎತ್ತುವ ಯೋಚನೆ ಅಣ್ಣನಿಗೆ ಬಂದಿದ್ದು 'ಲೂಸಿಯಾ'ದಿಂದ. ಪವನ್ ಕುಮಾರ್ ಆ ಸಿನಿಮಾಕ್ಕೆ ನಿರ್ಮಾಪಕರು ಸಿಗದೆ ತಮ್ಮ ಬ್ಲಾಗಿನಲ್ಲಿ ಬರೆದುಕೊಂಡು, 110 ಜನರಿಂದ 27 ದಿನಗಳಲ್ಲಿ ಸುಮಾರು 50 ಲಕ್ಷ ಸಂಗ್ರಹಿಸಿದ್ದರು. 2013ರಲ್ಲಿ ಅದು ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಆಮೇಲೆ ಇಲ್ಲೂ ಗೆದ್ದಿತು. ಅದನ್ನು ಮತ್ತೆ ನೋಡಿದಾಗ ನನಗೆ ಲೆಕ್ಕದವಳ ಕಣ್ಣಿಗೆ ಒಂದು ವಿಷಯ ಕಂಡಿತು. ಕಥೆಯಲ್ಲಿ ಎರಡು ಬದುಕುಗಳಿವೆ. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನದು ಒಂದು, ಸಿನಿಮಾ ಸ್ಟಾರ್‌ನದು ಇನ್ನೊಂದು. ಎರಡರಲ್ಲೂ ಅದೇ ಸತೀಶ್ ನೀನಾಸಂ, ಅದೇ ಶ್ರುತಿ ಹರಿಹರನ್. ಒಂದೇ ತಾರಾಗಣದಲ್ಲಿ ಎರಡು ಲೋಕ. ಸ್ಟಾರ್‌ನ ಬದುಕು ಕಪ್ಪು-ಬಿಳುಪಿನಲ್ಲಿದೆ. ಕಪ್ಪು-ಬಿಳುಪಿನಲ್ಲಿ ಗೋಡೆಯ ಬಣ್ಣ, ಬಟ್ಟೆಯ ಬಣ್ಣ ಯಾವುದೂ ಕಣ್ಣಿಗೆ ಚುಚ್ಚುವುದಿಲ್ಲ. ಪವನ್ ಅದನ್ನು ಉಳಿತಾಯಕ್ಕೆ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಕಥೆಗೇ ಅದು ಬೇಕಿತ್ತು. ಆದರೆ ಹಣ ಕಮ್ಮಿ ಇರುವ ಕಡೆ ಇಂಥ ಕಥೆ ಹುಟ್ಟುವುದಕ್ಕೆ ಜಾಗ ಇರುತ್ತದೆ ಅಂತ ಅನಿಸಿತು.

ಅಣ್ಣನಿಗೆ ಒಂದು ಮಾತು ಮಾತ್ರ ಹೇಳಿದ್ದೆ. ಪವನ್ ಆ ಹೊತ್ತಿಗೆ ಯೋಗರಾಜ್ ಭಟ್ಟರ 'ಮನಸಾರೆ', 'ಪಂಚರಂಗಿ'ಗಳಲ್ಲಿ ಬರೆದವರು, 'ಲೈಫು ಇಷ್ಟೇನೆ' ನಿರ್ದೇಶಿಸಿದವರು. ಅವರ ಬ್ಲಾಗ್ ಓದಲು ಜನ ಮೊದಲೇ ಇದ್ದರು. "ನಿನ್ನ ಹತ್ರ ಇರೋದು ಕಾಲೇಜಿನ ವಾಟ್ಸಾಪ್ ಗ್ರೂಪು" ಅಂದೆ. ಹಾಗಾಗಿಯೇ 110 ಆಗಲಿಲ್ಲ, 14 ಆಯಿತು. ಗುರುತು ಪರಿಚಯ ಇಲ್ಲದವರಿಗೆ ಲಾಭದ ಪಾಲು ಕೊಡುತ್ತೇವೆ ಅಂತ ಜಾಹೀರು ಮಾಡಿ ಹಣ ಎತ್ತುವುದಕ್ಕೆ ಕಾನೂನಿನ ತೊಡಕುಗಳೂ ಇವೆ, ಆ ದಾರಿಗೆ ನಾನೇ ಬಿಡಲಿಲ್ಲ. 14 ಜನರಿಗೂ ಒಂದೇ ಒಪ್ಪಂದ: ಬಡ್ಡಿ ಇಲ್ಲ, ಹಣ ಬಂದರೆ ಮೊದಲು ಅಸಲು, ಆಮೇಲೆ ಪಾಲು, ಬರದಿದ್ದರೆ ಯಾರೂ ಯಾರ ಮನೆ ಮುಂದೆಯೂ ನಿಲ್ಲುವಂತಿಲ್ಲ.

ಆ 25 ಸಾವಿರದವರು ಯಾರೂ ಕಥೆಯ ಬಗ್ಗೆ ಬಾಯಿ ಹಾಕಲಿಲ್ಲ. "ಯಾವಾಗ ರಿಲೀಸು ಮಗಾ?" ಅನ್ನುವುದು ಬಿಟ್ಟರೆ ಬೇರೆ ಪ್ರಶ್ನೆ ಇಲ್ಲ. 8 ಲಕ್ಷದವರು ಹಾಗಲ್ಲ. ಮೊದಲ ಕಂತು 3 ಲಕ್ಷ ಕೊಟ್ಟ ತಿಂಗಳಿಗೆ, ಅವರ ಅಕ್ಕನ ಮಗನಿಗೆ ಒಂದು ಪಾರ್ಟು ಬೇಕು ಅಂದರು. ಸರಿ, ಹಮಾಲಿಯ ಪಾತ್ರ ಇತ್ತು. ಹಮಾಲಿ ಬೇಡ, ಊರು ಬಿಟ್ಟು ಹೋದ ಮಗನೇ ಆಗಬೇಕು, ಅವನಿಗೊಂದು ಹಾಡೂ ಇರಲಿ ಅಂದರು. ಕಥೆಯ ಪ್ರಾಣವೇ ಮಗ ಕೊನೆಯವರೆಗೂ ಕಾಣದೇ ಇರುವುದರಲ್ಲಿತ್ತು. ಅಣ್ಣ ಒಪ್ಪಲಿಲ್ಲ. ಅವರು ಜಗಳ ಆಡಲಿಲ್ಲ, ಫೋನ್ ಎತ್ತುವುದನ್ನು ನಿಲ್ಲಿಸಿದರು. ಶೂಟಿಂಗಿಗೆ 20 ದಿನ ಬಾಕಿ ಇತ್ತು.

ಇಲ್ಲಿಂದ ಮುಂದಿನದು ನನ್ನ ಕೆಲಸ.

ಕಡಿಮೆ ಬಜೆಟ್ ಅಂದರೆ ಒಟ್ಟು ಮೊತ್ತ ಕಡಿಮೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಒಟ್ಟು ಮೊತ್ತ ನೋಡಿ ಯಾವ ತೀರ್ಮಾನವನ್ನೂ ಮಾಡಲಾಗುವುದಿಲ್ಲ. ನೋಡಬೇಕಾದ್ದು ಒಂದು ದಿನದ ಖರ್ಚು. ನಮ್ಮದು ಹೀಗಿತ್ತು. ಕ್ಯಾಮೆರಾ, ಲೆನ್ಸುಗಳ ಬಾಡಿಗೆ 8 ಸಾವಿರ. ಲೈಟು ಮತ್ತು ಅದನ್ನು ಹೊರುವ ಗಾಡಿ 7 ಸಾವಿರ. ಸೌಂಡ್ ರೆಕಾರ್ಡಿಸ್ಟ್ ತಮ್ಮ ಸಲಕರಣೆ ಸಮೇತ 6 ಸಾವಿರ. 22 ಜನರ ತಿಂಡಿ, ಊಟ, ಟೀ ಐದೂವರೆ ಸಾವಿರ. ರೂಮು 5, ಓಡಾಟದ ಡೀಸೆಲ್ಲು 5. ಕಲಾವಿದರು, ತಂತ್ರಜ್ಞರ ದಿನಗೂಲಿ ಮತ್ತು ಬಾಟಾ 16 ಸಾವಿರ. ಜಾಗದ ಬಾಡಿಗೆ, ಸಣ್ಣಪುಟ್ಟದ್ದು ಮೂರೂವರೆ. ಒಟ್ಟು 56 ಸಾವಿರ. ಇದರಲ್ಲಿ ಅಣ್ಣನಿಗೆ, ಛಾಯಾಗ್ರಾಹಕರಿಗೆ, ನನಗೆ ಸಂಬಳ ಇಲ್ಲ.

20 ಲಕ್ಷ ಇದ್ದಾಗ 25 ದಿನದ ಶೂಟಿಂಗಿಗೆ 14 ಲಕ್ಷ, ಎಡಿಟಿಂಗ್, ಸೌಂಡ್, ಬಣ್ಣ ಸರಿಪಡಿಸುವುದು, ಸಂಗೀತ ಎಲ್ಲ ಸೇರಿ ನಾಲ್ಕೂವರೆ, 'ಇತರೆ' ಅಂತ ಒಂದೂವರೆ ಹಾಕಿದ್ದೆ. ಆ 'ಇತರೆ'ಯಲ್ಲೇ ಜಾತ್ರೆ ಇತ್ತು. ಊರಿನವರೇ ಬಂದು ನಿಲ್ಲುತ್ತಾರೆ, ಊಟ ಹಾಕಿ, ತೇರಿಗೆ ಅಲಂಕಾರ ಮಾಡಿದರೆ ಸಾಕು ಅನ್ನುವ ಲೆಕ್ಕ. ಈಗ ಕೈಯಲ್ಲಿ 15 ಲಕ್ಷ. ಮುಗಿಸುವ ಕೆಲಸದ ನಾಲ್ಕೂವರೆಯನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಶೂಟ್ ಆದ ಸಿನಿಮಾ ಹಾರ್ಡ್‌ಡಿಸ್ಕಿನಲ್ಲೇ ಉಳಿಯುತ್ತದೆ. ಎಷ್ಟೋ ಹುಡುಗರ ಸಿನಿಮಾಗಳು ನಿಂತಿರುವುದು ಅಲ್ಲೇ ಅಂತ ಸೌಂಡಿನವರು ಎಚ್ಚರಿಸಿದ್ದರು. ಉಳಿದ ಹತ್ತೂವರೆಯಲ್ಲಿ 18 ದಿನ ಬರುತ್ತದೆ, ಮೇಲೆ 42 ಸಾವಿರ ಉಳಿಯುತ್ತದೆ. ಅಂದರೆ ಏಳು ದಿನ ಕತ್ತರಿಸಬೇಕು.

ಯಾವ ಏಳು ದಿನ?

ಅಣ್ಣ ಸ್ಕ್ರಿಪ್ಟಿನ ಪುಟ ತಿರುಗಿಸಿ ಡೈಲಾಗ್ ಕಮ್ಮಿ ಮಾಡಲು ಕೂತ. ಅದರಿಂದ ಏನೂ ಉಳಿಯುವುದಿಲ್ಲ ಅಂತ ನಮಗೆ ತೋರಿಸಿಕೊಟ್ಟವರು ಪ್ರೊಡಕ್ಷನ್ ಮ್ಯಾನೇಜರು. ದಿನ ತಿನ್ನುವುದು ಮಾತಲ್ಲ, ಶಿಫ್ಟು. ಒಂದು ಜಾಗದಲ್ಲಿ ಎಲ್ಲ ಗಂಟು ಕಟ್ಟಿ, ಗಾಡಿಗೆ ತುಂಬಿ, ಇನ್ನೊಂದು ಜಾಗಕ್ಕೆ ಹೋಗಿ, ಇಳಿಸಿ, ಮತ್ತೆ ಲೈಟ್ ಮಾಡುವಷ್ಟರಲ್ಲಿ ಎರಡೂವರೆ ಗಂಟೆ. ಊಟ ತಿಂಡಿ ಕಳೆದು ದಿನಕ್ಕೆ ನಿಜವಾಗಿ ಸಿಗುವುದು ಒಂಬತ್ತು ಗಂಟೆ. ಒಂದು ಶಿಫ್ಟು ಅಂದರೆ ಹದಿನೈದು ಸಾವಿರ ರೂಪಾಯಿ ರಸ್ತೆ ಮೇಲೆ ಚೆಲ್ಲಿದ ಹಾಗೆ. ಗುಮಾಸ್ತ ಮಂಡಿಯಲ್ಲಿ ಕೂತು ಹತ್ತು ನಿಮಿಷ ಮಾತಾಡಿದರೂ ಅಗ್ಗ. ಅವನ ಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ನಿಮಿಷ ಫೋನ್ ಮಾಡಿದರೂ ದುಬಾರಿ.

ಎಕ್ಸೆಲ್‌ನಲ್ಲಿ ಜಾಗದ ಪ್ರಕಾರ ಸಾಲುಗಳನ್ನು ಜೋಡಿಸಿದೆ. ಮೇಲೆ ಮಂಡಿಯ ಸಾಲುಗಳು, ಹಸಿರು. ಕೆಳಗೆ ಚದುರಿದ ಕೆಂಪು ಸಾಲುಗಳು. ಜಾತ್ರೆ ಮೂರು ದಿನ. ಅಮ್ಮನ ತವರು ಮತ್ತು ಬಸ್ ಸ್ಟ್ಯಾಂಡ್ ಎರಡು ದಿನ. ಬಸ್ಸಿನ ಒಳಗಿನ ದೃಶ್ಯ ಒಂದು ದಿನ. ರಾತ್ರಿ ದೃಶ್ಯಗಳನ್ನು ಸಂಜೆಗೆ ತಂದರೆ ಜೆನರೇಟರ್ ಗೋಳು ತಪ್ಪಿ ಇನ್ನೊಂದು ದಿನ. ಕೂಡಿದರೆ ಸರಿಯಾಗಿ ಏಳು. ಲೆಕ್ಕ ಇಷ್ಟು ಸಲೀಸಾಗಿ ಕೂಡಿದ್ದಕ್ಕೆ ನಾನು ಖುಷಿಪಟ್ಟೆ ಅನ್ನುವುದನ್ನು ಈಗ ನೆನೆಸಿಕೊಂಡರೆ ಒಂಥರಾ ಆಗುತ್ತದೆ.

ಜಾತ್ರೆ ಬಿಡುವುದಕ್ಕೆ ಅಣ್ಣ ಮೊದಲು ಒಪ್ಪಲಿಲ್ಲ. ನಿಜವಾದ ಜಾತ್ರೆಯಲ್ಲೇ ಸಣ್ಣ ಕ್ಯಾಮೆರಾ ಹಿಡಿದು ನುಗ್ಗೋಣ ಅಂದ. ಆದರೆ ಜಾತ್ರೆ ನಮ್ಮ ಶೂಟಿಂಗಿಗಿಂತ ಮೊದಲೇ ಬರುತ್ತಿತ್ತು, ಗುಮಾಸ್ತನ ಪಾತ್ರ ಮಾಡುವ ಹಿರಿಯರು ಅವತ್ತು ಬೇರೆ ನಾಟಕದಲ್ಲಿದ್ದರು. ಅವರಿದ್ದರೂ ಪ್ರಯೋಜನ ಕಮ್ಮಿ. ಜನ ಕ್ಯಾಮೆರಾ ನೋಡಿ ಕೈ ಬೀಸುತ್ತಾರೆ, ಎರಡನೇ ಟೇಕ್ ಅನ್ನುವುದಿಲ್ಲ, ತೇರು ನಮಗಾಗಿ ಹಿಂದಕ್ಕೆ ಹೋಗುವುದಿಲ್ಲ. ಕೊನೆಗೆ ಸೌಂಡ್ ರೆಕಾರ್ಡಿಸ್ಟ್ ಒಬ್ಬರೇ ಜಾತ್ರೆಗೆ ಹೋಗಿ ಒಂದು ರಾತ್ರಿ ಪೂರ್ತಿ ಶಬ್ದ ಹಿಡಿದುಕೊಂಡು ಬಂದರು. ಡೋಲು, ಪೀಪಿ, ತೊಟ್ಟಿಲ ಕಿರ್ರು, ಮಕ್ಕಳು ಕಳೆದುಹೋದ ಬಗ್ಗೆ ಮೈಕಿನಲ್ಲಿ ಕೂಗುವುದು. ಖರ್ಚು 6 ಸಾವಿರ.

ಹಾಗಾಗಿ ಸಿನಿಮಾದಲ್ಲಿ ಜಾತ್ರೆ ಕಾಣುವುದಿಲ್ಲ, ಕೇಳುತ್ತದೆ. ಅಪ್ಪ ಮಂಡಿಯ ಷಟರ್ ಅರ್ಧ ಎಳೆದು, ಅದರ ಮೇಲೆ ಕೈ ಇಟ್ಟುಕೊಂಡು, ನಾಲ್ಕು ನಿಮಿಷ ನಿಂತೇ ಇರುತ್ತಾನೆ. ಆಮೇಲೆ ಒಳಗೆ ಬಂದು ಲೆಕ್ಕದ ಪುಸ್ತಕ ತೆಗೆಯುತ್ತಾನೆ. ನೋಡಿದವರು ಆ ದೃಶ್ಯವನ್ನೇ ಹೊಗಳಿದರು. ನಾನೂ ಒಪ್ಪುತ್ತೇನೆ, ಚೆನ್ನಾಗಿದೆ. ಆದರೆ ಅದು ನಾವು ಬರೆದ ಅಪ್ಪ ಅಲ್ಲ. ಮೊದಲ ಕಥೆಯಲ್ಲಿ ಇದ್ದವನು ಮಗನನ್ನು ಹುಡುಕಿಕೊಂಡು ಓಡುವ ಮನುಷ್ಯ. ಈಗಿನವನು ಓಡದೇ ಉಳಿದ ಮನುಷ್ಯ. ದೃಶ್ಯ ಬದಲಾದರೆ ಪಾತ್ರದ ಗುಣವೇ ಬದಲಾಗುತ್ತದೆ ಅಂತ ನನಗೆ ಅಲ್ಲಿವರೆಗೆ ಹೊಳೆದಿರಲಿಲ್ಲ. ಅಣ್ಣನಿಗೆ ಹೊಳೆದಿತ್ತು. ಅವನು ಮೂರು ರಾತ್ರಿ ಕೂತು, ಓಡದಿರುವವನಿಗೆ ತಕ್ಕ ಹಾಗೆ ಹಿಂದಿನ ದೃಶ್ಯಗಳನ್ನೆಲ್ಲ ತಿದ್ದಿದ. ಅಷ್ಟು ಮಾಡಿದ್ದಕ್ಕೇ ಅದು ನಿಂತಿತು.

ಹೀಗೆ ತಿದ್ದಿಕೊಳ್ಳದೆ ಬಿಟ್ಟಿದ್ದು ಅಮ್ಮನ ಪಾತ್ರವನ್ನು. ತವರು ಹೋಯಿತು, ಬಸ್ ಸ್ಟ್ಯಾಂಡ್ ಹೋಯಿತು, ಫೋನು ಹೋಯಿತು. ಮಂಡಿಗೆ ಬುತ್ತಿ ತರುವ ಎರಡು ದೃಶ್ಯ ಉಳಿದವು, ಯಾಕೆಂದರೆ ಅವು ಮಂಡಿಯಲ್ಲಿದ್ದವು. ಅವಳಿಗೊಂದು ಗುಟ್ಟಿತ್ತು ಅನ್ನುವುದೇ ಈಗ ಸಿನಿಮಾದಲ್ಲಿ ಇಲ್ಲ. ಕಥೆಗೆ ಅವಳು ಬೇಡ ಅಂತ ಯಾರೂ ತೀರ್ಮಾನಿಸಲಿಲ್ಲ, ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಅವಳು ಇದ್ದದ್ದು ನಲವತ್ತು ಕಿಲೋಮೀಟರ್ ಆಚೆ, ಕೆಂಪು ಸಾಲಿನಲ್ಲಿ. ಆ ಸಾಲುಗಳನ್ನು ಆಯ್ಕೆ ಮಾಡಿ ಅಳಿಸಿದ್ದು ನಾನು. ಒಂದೇ ಜಾಗದಲ್ಲಿ ನಡೆಯುವ ಸಣ್ಣ ಸಿನಿಮಾಗಳನ್ನು ಆಮೇಲಿಂದ ಬೇರೆ ಥರ ನೋಡುತ್ತೇನೆ. ಕಥೆ ನಡೆಯುವುದು ಅಂಗಡಿ, ಸ್ಟೇಷನ್ನು, ಆಫೀಸು ಇಂಥ ಗಂಡಸರ ಜಾಗವಾದರೆ, ಮನೆಯಲ್ಲಿರುವವರು ಬುತ್ತಿ ತರುವವರಾಗಿ ಉಳಿದುಬಿಡುತ್ತಾರೆ.

ಶೂಟಿಂಗ್ ಹೊತ್ತಿನ ಇನ್ನೆರಡು ಸಂಗತಿ ಹೇಳಬೇಕು. ಹಮಾಲಿಯ ಪಾತ್ರವನ್ನು ಮಂಡಿಯಲ್ಲೇ ಕೆಲಸ ಮಾಡುವವರೊಬ್ಬರಿಗೆ ಕೊಟ್ಟೆವು. ಮಂಡ್ಯದ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಹಾಕಿಕೊಂಡು ತೆಗೆದ ರಾಮ್ ರೆಡ್ಡಿಯವರ 'ತಿಥಿ' ನೋಡಿದ ಮೇಲೆ ನಮ್ಮಂಥವರಿಗೆಲ್ಲ ಬರುವ ಆಸೆ ಅದು. ಸಂಬಳದ ಲೆಕ್ಕದಲ್ಲಿ ಅಗ್ಗ. ಆದರೆ ಮೊದಲ ದಿನ ಒಂದು ಸಾಲಿಗೆ ಹನ್ನೊಂದು ಟೇಕ್ ಆಯಿತು. ಮೆಮೊರಿ ಕಾರ್ಡಿಗೆ ಖರ್ಚಿಲ್ಲ ನಿಜ, ಬಿಸಿಲಿಗೆ ಖರ್ಚಿದೆ. ಅಂಥವರನ್ನು ಹಾಕಿಕೊಳ್ಳಬೇಕಾದರೆ ತಿಂಗಳುಗಟ್ಟಲೆ ಮೊದಲೇ ಅವರ ಜೊತೆ ಇರಬೇಕು. ನಾವು ಇದ್ದದ್ದು ಎರಡು ಸಂಜೆ. ಕೊನೆಗೆ ಅವರ ಮಾತು ಕಮ್ಮಿ ಮಾಡಿ, ಮೂಟೆ ಹೊರುವುದನ್ನು ಮಾತ್ರ ಉಳಿಸಿದೆವು. ಅದನ್ನು ಅವರಷ್ಟು ಚೆನ್ನಾಗಿ ಯಾವ ನಟನೂ ಮಾಡುತ್ತಿರಲಿಲ್ಲ.

ಹನ್ನೊಂದನೇ ದಿನ ಮಳೆ. ಮಂಡಿಯದು ತಗಡಿನ ಸೂರು. ಸೌಂಡಿನವರು ಹೆಡ್‌ಫೋನ್ ತೆಗೆದು ತಲೆ ಅಲ್ಲಾಡಿಸಿದರು, ಮುಗಿಯಿತು. ಅರ್ಧ ದಿನ ಕಾದೆವು, 42 ಸಾವಿರದ ಮುಕ್ಕಾಲು ಪಾಲು ಕರಗಿತು. ಆಮೇಲೆ ಅಣ್ಣ ಆ ದೃಶ್ಯದ ಮಾತೆಲ್ಲ ತೆಗೆದು, ಇಬ್ಬರೂ ಸುಮ್ಮನೆ ಟೀ ಕುಡಿಯುತ್ತಾ ಮಳೆ ನೋಡುವ ಹಾಗೆ ಮಾಡಿದ, ಒಂದೇ ದೂರದ ಶಾಟಿನಲ್ಲಿ. ಕ್ಯಾಮೆರಾ ಕೋನ ಬದಲಿಸಿದರೆ ಪ್ರತಿ ಸಲ ಲೈಟಿಗೆ ಮುಕ್ಕಾಲು ಗಂಟೆ, ಅದಕ್ಕೆ ಉದ್ದಕ್ಕೂ ನಾವು ಹೀಗೇ ಒಂದೊಂದು ಶಾಟಿನಲ್ಲಿ ದೃಶ್ಯ ಮುಗಿಸುತ್ತಿದ್ದೆವು. ಇದರ ಸಾಲ ತೀರಿಸಬೇಕಾಗಿ ಬಂದದ್ದು ಎಡಿಟಿಂಗಿನಲ್ಲಿ. ಒಂದೇ ಶಾಟ್ ಇದ್ದರೆ ನಡುವೆ ಕತ್ತರಿಸಿ ಚುರುಕು ಮಾಡಲು ಬೇರೆ ಶಾಟ್ ಇರುವುದಿಲ್ಲ, ಇದ್ದಷ್ಟನ್ನೂ ಇಡಬೇಕು. "ನಿಧಾನಗತಿಯ ಧ್ಯಾನಸ್ಥ ನಿರೂಪಣೆ" ಅಂತ ಯಾರೋ ಬರೆದರು. ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಬೇರೆ ದಾರಿಯೂ ಇತ್ತು. ದಿನ ಕಮ್ಮಿ ಮಾಡುವ ಬದಲು ಜನ ಕಮ್ಮಿ ಮಾಡಬಹುದಿತ್ತು. ಕ್ರಿಸ್ಟೋಫರ್ ನೋಲನ್ ತಮ್ಮ ಮೊದಲ ಸಿನಿಮಾ 'ಫಾಲೋಯಿಂಗ್' ಅನ್ನು ಹಾಗೇ ಮಾಡಿದ್ದರು. ಬೇರೆ ಬೇರೆ ಕೆಲಸದಲ್ಲಿದ್ದ ಗೆಳೆಯರನ್ನು ಸೇರಿಸಿಕೊಂಡು, ವರ್ಷದ ಮಟ್ಟಿಗೆ ಶನಿವಾರಗಳಲ್ಲಿ ಶೂಟಿಂಗ್. ನಾಟಕದ ಹಾಗೆ ಮೊದಲೇ ತಾಲೀಮು ಮಾಡಿ ಒಂದೋ ಎರಡೋ ಟೇಕಿನಲ್ಲಿ ಮುಗಿಸುವುದು. ನಮ್ಮಲ್ಲಿ ಆರೇಳು ಜನ ಸಾಕಾಗಿ, ವಾರ ವಾರ ಹೋಗಿ ಬಂದಿದ್ದರೆ ಅಮ್ಮನ ತವರಿಗೂ ಹೋಗಬಹುದಿತ್ತೇನೋ. ಆದರೆ ಒಂದು ವರ್ಷ ಮಂಡಿ ಯಾರು ಕೊಡುತ್ತಾರೆ? ಎಪ್ಪತ್ತು ದಾಟಿದ ನಟರನ್ನು ವರ್ಷಗಟ್ಟಲೆ ಪ್ರತಿ ವಾರ ಬಸ್ಸಿನಲ್ಲಿ ಕರೆತರುವುದು ಹೇಗೆ? ಆ ದಾರಿ ಹಿಡಿಯಬೇಕಾದರೆ ಕಥೆ ಬರೆಯುವಾಗಲೇ ಹಿಡಿಯಬೇಕು. ಶೂಟಿಂಗಿಗೆ 20 ದಿನ ಇರುವಾಗ ಅಲ್ಲ.

ಹಣ ವಾಪಸ್ ಬಂತಾ ಅಂತ ಕೇಳುತ್ತೀರಿ. ನನ್ನ ಇನ್ನೊಂದು ತಪ್ಪು ಅಲ್ಲಿದೆ. ಪ್ರಚಾರಕ್ಕೆ, ಬಿಡುಗಡೆಗೆ ಅಂತ ನಾನು ಒಂದು ರೂಪಾಯಿಯನ್ನೂ ಎತ್ತಿಟ್ಟಿರಲಿಲ್ಲ. ಸಿನಿಮಾ ಮುಗಿದರೆ ಸಾಕು ಅನ್ನುವ ಭ್ರಮೆ. ಅಣ್ಣ ಮತ್ತೆ ಒಂದೂಕಾಲು ಲಕ್ಷ ಸಾಲ ಮಾಡಿದ. ಒಂದು ವಾರ, ಬೆಳಗಿನ ಹತ್ತು ಗಂಟೆಯ ಆಟ. ಟಿಕೆಟ್ ಹಣದಲ್ಲಿ ತೆರಿಗೆ ಹೋಗಿ, ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿಗೆ ಹೋಗಿ, ಡಿಜಿಟಲ್ ಪ್ರದರ್ಶನದ ಬಾಡಿಗೆ ಕಳೆದು ನಮ್ಮ ಕೈಗೆ ಬಂದಿದ್ದು ಆ ಸಾಲದ ಅರ್ಧವೂ ಅಲ್ಲ. ಸರ್ಕಾರದ ಸಬ್ಸಿಡಿಗೆ ಅರ್ಜಿ ಹಾಕಿದ್ದೇವೆ. ಅದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆರಿಸಿದ ಮೇಲಿನ ಮಾತು. ಬಂದರೆ ಮೊದಲ ಪಾಲು 14 ಗೆಳೆಯರಿಗೆ. ದೊಡ್ಡಪ್ಪನ ಹೆಸರು ಪಟ್ಟಿಯ ಕೊನೆಯಲ್ಲಿದೆ, ಅವರೇ ಹಾಗೆ ಬರೆಸಿದ್ದಾರೆ. ಮನೆಗೆ ಸುಣ್ಣ ಬಣ್ಣ ಮಾಡಿಸುವುದನ್ನು ಈ ವರ್ಷವೂ ಮುಂದಕ್ಕೆ ಹಾಕಿದ್ದಾರೆ.

ಅವತ್ತು ಥಿಯೇಟರಿನಿಂದ ಹೊರಗೆ ಬಂದು ಕಾಫಿ ಕುಡಿಯುವಾಗ ದೊಡ್ಡಮ್ಮನೂ ಒಂದು ಪ್ರಶ್ನೆ ಕೇಳಿದ್ದರು. "ಜಗಲಿ ಮೇಲೆ ಹೇಳಿದಾಗ ಆ ಹೆಂಗಸು ಮಗನ ಹತ್ರ ಕದ್ದು ಮಾತಾಡ್ತಿದ್ಲಲ್ಲ, ಅದೆಲ್ಲ ಎಲ್ಲಿ ಹೋಯ್ತೇ ಪುಟ್ಟಿ?" ಅಣ್ಣ ಕಾಫಿ ಲೋಟ ನೋಡುತ್ತಾ ನಿಂತ. ನಾನೇ, "ಅದು ದೂರ ಆಗ್ತಿತ್ತು ದೊಡ್ಡಮ್ಮ" ಅಂದೆ. ಅವರಿಗೆ ಏನು ಅರ್ಥವಾಯಿತೋ, "ಹೂಂ, ಆ ಕಡೆ ಬಸ್ಸೂ ಕಮ್ಮಿ" ಅಂದರು.

ಹೋದ ತಿಂಗಳು ಅಣ್ಣ ಹೊಸ ಕಥೆ ಹೇಳಲು ಬಂದಿದ್ದ. ಕೂರುವ ಮೊದಲೇ ಕೇಳಿದೆ, "ಎಷ್ಟು ಜಾಗ?"

"ಒಂದೇ. ಆ ಹೆಂಗಸಿನ ತವರು ಮನೆ" ಅಂದ. ನಾನು ಲ್ಯಾಪ್‌ಟಾಪ್ ತೆಗೆದೆ.